ನೋಡ್ಕೊತೀನಿ ಅಂದ್ರೆ ಪ್ರೀತಿನೋ, ಬೆದರಿಕೆನೋ?

ಪ್ರೀತಿಯ ಗೆಳೆಯ,

ನಿನ್ನ ತಂಗಿಯ ರಿಸೆಪ್ಷನ್‌ಗೆ ಚಿಕ್ಕಮಗಳೂರಿಗೆ ಬರುತ್ತಿದ್ದೇನೆ. ಅಲ್ಲಿ ಹಾಡೋದಕ್ಕೆ ‘ಎವೆರಿ ಬ್ರೆತ್ ಯೂ ಟೇಕ್’ ಅನ್ನು ಕನ್ನಡಕ್ಕೆ ಮಾಡಿಕೊಡು, ಒಳ್ಳೆ ಲವ್ ಸಾಂಗು ಅಂತ ಕೇಳಿದ್ದೀಯ. ಮಾಡಿದ್ದೇನೆ. ಆದರೆ ಮಾರಾಯ, ಅದು ಬರೀ ಲವ್ ಸಾಂಗ್ ಅಲ್ಲ.

‘ದಿ ಪೊಲೀಸ್’ ಎಂಬ ರಾಕ್ ತಂಡದ 1983ರ ಹಾಡು ಅದು, ಬರೆದವನು ಅದರ ಗಾಯಕ ಸ್ಟಿಂಗ್. ಜನ ಇದನ್ನು ಮದುವೆಗಳಲ್ಲಿ ಹಾಕಿಸಿ ಕುಣಿಯುತ್ತಾರೆ. ಸ್ಟಿಂಗ್ ಮಾತ್ರ ಇದು ಹೊಟ್ಟೆಕಿಚ್ಚಿನ, ಕಣ್ಗಾವಲಿನ ಹಾಡು ಎಂದು ಸಂದರ್ಶನಗಳಲ್ಲಿ ಹೇಳಿದ್ದಾನೆ. ನಿನ್ನ ಪ್ರತಿ ಉಸಿರು, ಪ್ರತಿ ಹೆಜ್ಜೆ, ಎಲ್ಲದರ ಮೇಲೂ ನನ್ನ ಕಣ್ಣಿರುತ್ತೆ ಅಂತ ಒಬ್ಬ ಹೇಳುತ್ತಾನೆ. ಪ್ರೀತಿಸುವವನೂ ಹೀಗೇ ಹೇಳಬಹುದು, ಬಿಟ್ಟುಹೋದವಳ ಬೆನ್ನು ಬಿದ್ದವನೂ ಹೀಗೇ ಹೇಳಬಹುದು. ಎರಡರಲ್ಲಿ ಒಂದನ್ನು ನಾವೇ ಆರಿಸಿಬಿಟ್ಟರೆ ಹಾಡು ಅಲ್ಲಿಗೆ ಮುಗಿಯಿತು.

ಎಲ್ಲ ತೂಗಿರೋದು ‘ಐಲ್ ಬಿ ವಾಚಿಂಗ್ ಯೂ’ ಎಂಬ ಸಾಲಿನ ಮೇಲೆ. ನಿಘಂಟು ಹಿಡಿದು ‘ನೋಡುತಿರುವೆ ನಿನ್ನ’ ಅಂದರೆ ಸಾಲು ಸಪ್ಪೆ. ಅಲ್ಲಿ ಅಕ್ಕರೆಯೂ ಇಲ್ಲ, ಭಯವೂ ಇಲ್ಲ. ‘ಕಣ್ಣಿಟ್ಟಿರುವೆ’ ಅಂದರೆ ಕಳ್ಳನೇ ಬಂದು ನಿಂತ ಹಾಗೆ. ‘ಕಾಯ್ತೀನಿ’ ಬಗ್ಗೆ ತುಂಬಾ ಹೊತ್ತು ಯೋಚಿಸಿದೆ, ಯಾಕಂದ್ರೆ ಅದಕ್ಕೂ ಎರಡು ಅರ್ಥ ಇದೆ: ನಿನಗಾಗಿ ಕಾಯೋದು, ನಿನ್ನನ್ನು ಕಾಪಾಡೋದು. ಆದರೆ ಎರಡೂ ಒಳ್ಳೇವೇ. ತೋಟ ಕಾಯುವವನನ್ನು ಕಂಡು ತೋಟದವರು ಹೆದರಲ್ಲ. ಅಂದರೆ ಎರಡು ಅರ್ಥ ಇದ್ದರೆ ಸಾಲದು, ಒಂದರಿಂದ ಇನ್ನೊಂದಕ್ಕೆ ತೊಂದರೆ ಆಗಬೇಕು.

ಆಮೇಲೆ ಸಿಕ್ಕಿದ್ದು ನಮ್ಮ ದಿನದ ಮಾತು: ‘ನೋಡ್ಕೊತೀನಿ.’ ಹೆಣ್ಣು ಕೊಡುವ ಮಾವನಿಗೆ ಅಳಿಯ ಹೇಳೋದೂ ಇದನ್ನೇ, ಬಸ್‌ಸ್ಟ್ಯಾಂಡಲ್ಲಿ ಕಾಲರ್ ಹಿಡಿದವನು ಹೇಳೋದೂ ಇದನ್ನೇ. ಅಳಿಯ ಹೇಳಿದರೆ ಸಾಕುತ್ತೀನಿ ಅಂತ, ಕಾಲರ್ ಹಿಡಿದವನು ಹೇಳಿದರೆ ಬಿಡಲ್ಲ ಅಂತ. ಒಂದೇ ಕ್ರಿಯಾಪದ, ಒಂದೇ ರೂಪ.

ಆದರೆ ಈ ಪದವನ್ನು ಸ್ವಲ್ಪ ಅಲುಗಿಸಿದರೂ ಒಂದು ಅರ್ಥ ಉದುರಿಹೋಗುತ್ತೆ. ‘ನೋಡಿಕೊಳ್ಳುವೆ’ ಎಂದು ಗ್ರಂಥದ ಕನ್ನಡಕ್ಕೆ ತಂದರೆ ಬೆದರಿಕೆ ಮಾಯ, ಏಕೆಂದರೆ ಗ್ರಂಥದ ಕನ್ನಡದಲ್ಲಿ ಯಾರೂ ಜಗಳಕ್ಕೆ ಬರಲ್ಲ. ‘ನೋಡ್ಕೊಳ್ಳೋನು ನಾನು’ ಅಂದರೂ ಬರೀ ಜವಾಬ್ದಾರಿ ಉಳಿಯುತ್ತೆ. ಹಿಂದೆ ಒಂದು ಪದ ಸೇರಿಸಿದರೂ ಅಷ್ಟೇ. ‘ಚೆನ್ನಾಗಿ ನೋಡ್ಕೊತೀನಿ’ ಅಂದರೆ ಮದುವೆ ಮಾತುಕತೆ. ‘ಆಮೇಲೆ ನೋಡ್ಕೊತೀನಿ’ ಅಂದರೆ ಹೊಡೆದಾಟ. ಹಾಗಾಗಿ ಆಡುವ ರೂಪದಲ್ಲೇ, ವಿಶೇಷಣ ಇಲ್ಲದೆ ಇಡಬೇಕು.

ಇನ್ನು ಲೆಕ್ಕ. ಇಂಗ್ಲಿಷ್‌ನಲ್ಲಿ ಈ ಪದ್ಯದ ಸಾಲುಗಳು ಹಾಡುವಾಗ ಐದೈದು ಉಲಿ, ಅಂದರೆ ಐದೈದು ಸಿಲಬಲ್. ‘ನೋಡ್ಕೊತೀನಿ ನಾ’ ಐದಕ್ಕೆ ಸರಿಯಾಗಿ ಕೂರುತ್ತೆ, ಕೊನೆಯ ‘ನಾ’ ಎಳೆದು ಹಾಡೋದಕ್ಕೂ ಚೆನ್ನ. ಆದರೆ ಪದ್ಯದಲ್ಲಿ ಇದರ ಮೇಲಿನ ಸಾಲು ಮುಗಿಯೋದೇ ‘ಹೆಜ್ಜೆ’ಯಲ್ಲಿ. ಹೆಜ್ಜೆ ನೋಡ್ಕೊತೀನಿ ನಾ! ಮಳೆಗಾಲದಲ್ಲಿ ಜಾರುವ ಜಾಗದಲ್ಲಿ ನಡೆಯುವವನು ಹೇಳಿದ ಹಾಗಾಯಿತು. ‘ಕೊಳ್ಳು’ ಬಂದ ಕೂಡಲೇ ಕೆಲಸ ಮಾಡುವವನ ಕಡೆಗೇ ತಿರುಗುತ್ತೆ, ಅದರ ಸ್ವಭಾವವೇ ಅದು. ಆದ್ದರಿಂದ ‘ನಿನ್ನ’ ಬೇಕೇ ಬೇಕು. ‘ನಿನ್ ನೋಡ್ಕೊತೀನಿ’ ಅಂದರೆ ಮತ್ತೆ ಐದು. ಕೊನೆಯ ‘ನಿ’ ಚಿಕ್ಕದು, ಅದನ್ನು ಎಳೆದೇ ಹಾಡಬೇಕು. ಅಷ್ಟು ನಷ್ಟ ಒಪ್ಪಿಕೊಂಡೆ.

ಪದ್ಯ ಹೀಗಿದೆ:

ಒಂದೊಂದುಸಿರು
ಒಂದೊಂದು ನಡೆ
ಒಂದೊಂದು ಸುಳ್ಳು
ಒಂದೊಂದು ಹೆಜ್ಜೆ
ನಿನ್ ನೋಡ್ಕೊತೀನಿ

ಉಸಿರು, ನಡೆ, ಹೆಜ್ಜೆಗಳ ನಡುವೆ ‘ಸುಳ್ಳು’ ಎಲ್ಲಿಂದ ಬಂತು ಅಂತ ಕೇಳಬೇಡ. ಮೂಲದ ಪಟ್ಟಿಯಲ್ಲೂ ಸಿಹಿ ಮಾತುಗಳ ಮಧ್ಯೆ ದೂರುಗಳು ಬರುತ್ತವೆ: ಕಡಿದುಕೊಂಡ ನಂಟು, ಮುರಿದ ಮಾತು, ಹುಸಿ ನಗು. ‘ಒಂದೊಂದು ನಂಟು’ ಅಂತ ಇಡಬಹುದಿತ್ತು, ಆದರೆ ಕಡಿಯುವ ಕ್ರಿಯಾಪದಕ್ಕೆ ಐದು ಉಲಿಯಲ್ಲಿ ಜಾಗವಿಲ್ಲ. ಕಡಿಯದ ನಂಟು ಸಿಹಿಯಾಗೇ ಉಳಿಯುತ್ತೆ. ‘ಸುಳ್ಳು’ ಒಬ್ಬಂಟಿಯಾಗಿ ನಿಂತರೂ ಚುಚ್ಚುತ್ತೆ.

ಒಂದು ವ್ಯತ್ಯಾಸ ಮಾತ್ರ ಆಗೇ ಆಯಿತು. ಇಂಗ್ಲಿಷ್‌ನಲ್ಲಿ ಕತ್ತಲ ಕಡೆಯ ಅರ್ಥ ಕಣ್ಗಾವಲು, ಕನ್ನಡದಲ್ಲಿ ಅದು ಬೆದರಿಕೆ. ಇಂಗ್ಲಿಷಿನವನು ಹಿಂಬಾಲಿಸುತ್ತಾನೆ, ನಮ್ಮವನು ಅಡ್ಡಗಟ್ಟುತ್ತಾನೆ. ‘ನೋಡು’ ಎಂಬ ಬೇರು ಒಳಗೆ ಇದೆ, ಮೇಲೆ ಉಸಿರು, ಹೆಜ್ಜೆಗಳನ್ನು ಎಣಿಸಿದ್ದೂ ಇದೆ, ಹಾಗಾಗಿ ಕಣ್ಣು ಪೂರ್ತಿ ಮರೆಯಾಗಿಲ್ಲ ಅನ್ನೋದು ನನ್ನ ವಾದ.

ಮುಂದಿನ ತಲೆನೋವು ‘ನೀನು ನನ್ನ ಸ್ವತ್ತು’ ಎಂಬರ್ಥದ ಸಾಲು. ಸ್ವತ್ತು ಅಂದರೆ ಸಬ್‌ರಿಜಿಸ್ಟ್ರಾರ್ ಆಫೀಸು. ‘ನನ್ನವಳು’ ಅಂದರೆ ಸಿನಿಮಾ ಹಾಡುಗಳು ಅದನ್ನು ತೊಳೆದು ತೊಳೆದು ಪೂರಾ ಪ್ರೀತಿ ಮಾಡಿಬಿಟ್ಟಿವೆ. ಜೊತೆಗೆ ಮೂಲದಲ್ಲಿ ಗಂಡೋ ಹೆಣ್ಣೋ ಗೊತ್ತಾಗದ ‘ಯೂ’ ಇಲ್ಲಿ ಹೆಣ್ಣೇ ಆಗಿಬಿಡುತ್ತಾಳೆ. ನಾನು ‘ನಂದು’ ಹಿಡಿದೆ. ಮಗುವನ್ನು ಅಪ್ಪಿಕೊಂಡು ‘ಇದು ನಂದು’ ಅನ್ನುತ್ತೇವೆ, ಸ್ಕೂಟರ್ ತೋರಿಸಿಯೂ ‘ಇದು ನಂದು’ ಅನ್ನುತ್ತೇವೆ. ಮುದ್ದೂ ಆಯಿತು, ಮನುಷ್ಯರನ್ನು ವಸ್ತು ಮಾಡಿದ್ದೂ ಆಯಿತು. ‘ನೀ ನಂದು’ ಅಂತ ಹಾಡಿದರೆ ಕಿವಿಗೆ ‘ನೀನಂದು’ ಅಂತ ಬೀಳುತ್ತೆ, ಏನಂದೆ ಅಂತ ಜನ ಕೇಳುತ್ತಾರೆ. ಅದಕ್ಕೆ ತಿರುಗಿಸಿ ‘ಓ ಕಾಣಲ್ವಾ, ನಂದೇ ತಾನೇ ನೀ’ ಮಾಡಿದೆ. ನಾಲ್ಕು, ಐದು. ಮೂಲದ ಲೆಕ್ಕವೇ. ‘ತಾನೇ’ ಅಂದರೆ ಗೋಗರೆದದ್ದೋ ಗದರಿದ್ದೋ ಗೊತ್ತಾಗಲ್ಲ, ಅದು ಬೋನಸ್.

ನಡುವೆ ಅವನು ನೀನಿಲ್ಲದೆ ದಿಕ್ಕು ತಪ್ಪಿದೆ ಅಂತ ಅಳುವ ಭಾಗದಲ್ಲಿ ಎರಡು ಅರ್ಥದ ಕಾಟವಿಲ್ಲ. ಅದನ್ನು ನೀನೇ ಮಾಡಿಕೋ.

ಎರಡರ್ಥ ಉಳಿದಿದೆಯೋ ಇಲ್ಲವೋ ನೋಡೋದಕ್ಕೆ ನನ್ನದೊಂದು ಪರೀಕ್ಷೆ ಇದೆ. ಮೂಲ ಯಾವುದು ಅಂತ ಹೇಳದೆ ಓದಿ, ಈ ಹುಡುಗನಿಗೆ ನಿಮ್ಮ ಮಗಳನ್ನು ಕೊಡ್ತೀರಾ ಅಂತ ಕೇಳೋದು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅನುವಾದ ಫೇಲು. ಹಾಸನದ ನಮ್ಮ ಪಕ್ಕದ ಮನೆ ಆಂಟಿ ‘ಎಷ್ಟು ಅಕ್ಕರೆ, ಕೊಡಬಹುದು’ ಅಂದರು. ನಮ್ಮ ಭಾವ ಒಂದು ಸಲ ಕೇಳಿ, ‘ಮೊದಲು ಸ್ಟೇಷನ್‌ಗೆ ಒಂದು ಕಂಪ್ಲೇಂಟ್ ಕೊಡಿ’ ಅಂದ. ಆಮೇಲೆ ಇಬ್ಬರೂ ಜಗಳಕ್ಕೆ ಬಿದ್ದರು. ನನಗೆ ಸಮಾಧಾನವಾಯಿತು.

ಹಾಡುವಾಗ ಒಂದು ಎಚ್ಚರ. ಗಿಟಾರ್ ಬಹಳ ಸಿಹಿ: ಎ, ಎಫ್ ಶಾರ್ಪ್ ಮೈನರ್, ಡಿ, ಇ. ನೂರಾರು ಪ್ರೇಮಗೀತೆಗಳ ದಾರಿ. ಪ್ರೀತಿಯ ಪಾಲನ್ನು ರಾಗವೇ ಹೊತ್ತುಕೊಂಡಿದೆ. ನೀನು ‘ನೋಡ್ಕೊತೀನಿ’ ಮೇಲೆ ನಗಲೂಬೇಡ, ಹಲ್ಲು ಕಡಿಯಲೂಬೇಡ. ನೆಟ್ಟಗೆ ಹಾಡು. ಮತ್ತೆ ಆ ಸಾಲು ಬಂದಾಗ ಬೀಗರ ಕಡೆ ಮಾತ್ರ ನೋಡಬೇಡ, ಮಾರಾಯ.

ಇಂತಿ ನಿನ್ನ,
ಹಾಸನದ ಗೆಳೆಯ