ಪುಟ್ಟನ ಸರ್ ಎಂ.ವಿ. ವೇಷದ ಫೋಟೊ ನೋಡಿದೆ

ಪ್ರೀತಿಯ ಗೆಳೆಯಾ,

ಪುಟ್ಟನ ಫೋಟೊಗಳು ಬಂದವು. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಶಾಲೆಯವರು ಛದ್ಮವೇಷ ಸ್ಪರ್ಧೆಯ ಮೊದಲ ಸುತ್ತಿಗೆ ಫೋಟೊ ನೋಡಿಯೇ ಆರಿಸುತ್ತಾರೆ, ಆಮೇಲೆ ವೇದಿಕೆ ಅಂತ ಬರೆದಿದ್ದೀಯ. ವೇಷ ಆ ವ್ಯಕ್ತಿಗೆ ಒಪ್ಪುತ್ತದಾ, ಅಚ್ಚುಕಟ್ಟಾಗಿದೆಯಾ, ಮಗು ಆರಾಮಾಗಿದೆಯಾ, ದೂರಕ್ಕೆ ಕಾಣುತ್ತದಾ, ನಾಲ್ಕಕ್ಕೂ ಹತ್ತತ್ತು ಅಂಕವಂತೆ. ಪ್ರತಿಭಾ ಕಾರಂಜಿಯ ಛದ್ಮವೇಷಕ್ಕೆ ತೀರ್ಪುಗಾರನಾಗಿ ಕೂತಾಗ ಹೇಗೆ ಅಂಕ ಹಾಕುತ್ತೇನೋ ಹಾಗೇ ಹಾಕಿದ್ದೇನೆ. ಇನ್ನೂ ಸಮಯ ಇದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಪೇಟದಿಂದ ಶುರು ಮಾಡುತ್ತೇನೆ. ವಿಶ್ವೇಶ್ವರಯ್ಯನವರು ಅಂದರೆ ನಮ್ಮ ಮಂಡ್ಯದವರ ಕಣ್ಣಿಗೆ ಮೊದಲು ಬರುವುದೇ ಆ ಪೇಟ. ಅದು ಸರಿಯಿದ್ದರೆ ಮಗು ಬಾಯಿ ಬಿಡುವ ಮೊದಲೇ ಗುರುತು ಸಿಗುತ್ತದೆ. ನೀನು ತಂದಿರುವುದು ಮದುವೆ ಗಂಡಿನ ಪೇಟ. ಪಕ್ಕದಲ್ಲಿ ಮುತ್ತಿನ ಸರ ಇಳಿಬಿದ್ದಿದೆ, ಹಣೆಯ ಮೇಲೆ ಕೆಂಪು ಕಲ್ಲಿನ ಪದಕ, ಮೇಲೊಂದು ಕುಚ್ಚು. ಇದನ್ನು ನೋಡಿದವರು ಯಾರೋ ರಾಜ ಅಂದುಕೊಳ್ಳುತ್ತಾರೆ. ಸರ್ ಎಂ.ವಿ. ಅವರ ಫೋಟೊಗಳಲ್ಲಿ ಇರುವುದು ಜರಿ ಅಂಚಿನ ಸರಳ ಮೈಸೂರು ಪೇಟ. ನಿನ್ನದರಲ್ಲೂ ಬಟ್ಟೆ ಬಿಳಿ ಇದೆ, ಅಂಚು ಜರಿ ಇದೆ, ಮಡಿಕೆ ಚೆನ್ನಾಗಿ ಕೂತಿವೆ. ಹಾಗಾಗಿ ಹೊಸದು ಕೊಳ್ಳಬೇಡ. ಸರ, ಪದಕ, ಕುಚ್ಚು ಮೂರರ ಹೊಲಿಗೆ ಬಿಚ್ಚಿ ತೆಗೆದುಬಿಡು.

ಎರಡನೆಯದು ಎದೆಯ ಮೇಲಿನ ಭಾರತ ರತ್ನ. ಗುಂಡಗಿನ ಚಿನ್ನದ ಬಣ್ಣದ ಪದಕಕ್ಕೆ ತ್ರಿವರ್ಣದ ರಿಬ್ಬನ್ ಕಟ್ಟಿದ್ದೀರಿ. ನಿಜವಾದ ಪದಕ ಅರಳಿ ಎಲೆಯ ಆಕಾರದ್ದು, ಬಿಳಿ ರಿಬ್ಬನ್‌ನಲ್ಲಿ ಕೊರಳಿಗೆ ಹಾಕುವಂಥದ್ದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅವರು ದಿವಾನರಾದದ್ದು 1912ರಲ್ಲಿ, ಭಾರತ ರತ್ನ ಬಂದದ್ದು 1955ರಲ್ಲಿ, ಆಗ ಅವರಿಗೆ 90 ದಾಟಿತ್ತು. ಕೈಯಲ್ಲಿ ಕನ್ನಂಬಾಡಿ ಕಟ್ಟೆಯ ಮಾದರಿ ಹಿಡಿದು "ನಾನು ಮೈಸೂರಿನ ದಿವಾನ" ಅನ್ನುವ ಮಗುವಿನ ಎದೆಯಲ್ಲಿ ಆ ಪದಕ ಇದ್ದರೆ ಎರಡು ವಯಸ್ಸು ಕಲಸಿಹೋಗುತ್ತವೆ. ಪದಕ ತೆಗೆದುಬಿಡು, ಕಟ್ಟೆ ಸಾಕು. ಕೋಟು, ಟೈ ಎರಡೂ ಸರಿ. ವೇಷ ಒಪ್ಪುವುದಕ್ಕೆ ಈಗ 6 ಕೊಟ್ಟಿದ್ದೇನೆ. ಇವೆರಡು ತಿದ್ದಿದರೆ 9 ಕೊಡುತ್ತೇನೆ.

ಅಚ್ಚುಕಟ್ಟಿಗೆ 8. ಅಮ್ಮ ಹೊಲಿದದ್ದು ಅಲ್ವಾ, ನೋಡಿದರೇ ಗೊತ್ತಾಗುತ್ತದೆ. ಪ್ಯಾಂಟಿನ ತುದಿಯನ್ನು ಒಳಗೆ ಮಡಿಸಿ ಕಚ್ಚಾ ಹೊಲಿಗೆ ಹಾಕಿದ್ದಾರೆ, ಒಂದು ಎಳೆ ಹೊರಗಿಲ್ಲ. ಬಲ ತೋಳಿನಲ್ಲಿ ಮಾತ್ರ ಪಿನ್ನು ಹಾಕಿದ್ದೀರಿ, ಅದು ಫ್ಲಾಶ್‌ಗೆ ಹೊಳೆದಿದೆ. ಅಲ್ಲಿಗೂ ಹೊಲಿಗೆಯೇ ಹಾಕಿಸು. ಟೈನ ಎಲಾಸ್ಟಿಕ್ ಕಾಲರ್ ಹೊರಗೆ ಇಣುಕುತ್ತಿದೆ, ಒಳಗೆ ಸೇರಿಸು. ಅಷ್ಟೇ.

ಆರಾಮಕ್ಕೆ ನಾನು ಕೊಟ್ಟಿರುವುದು 5. ಇದನ್ನು ಓದಿ ನಿನಗೆ ಬೇಜಾರಾಗಬಹುದು, ಪುಟ್ಟ ಎಲ್ಲ ಫೋಟೊದಲ್ಲೂ ನಗುತ್ತಿದ್ದಾನೆ ನಿಜ. ಆದರೆ ಮಕ್ಕಳು "ನಗು" ಅಂದರೆ ನಗುತ್ತಾರೆ. ನಾನು ನೋಡುವುದು ಕುತ್ತಿಗೆ, ಭುಜ, ಬೆರಳು. ಮೂರನೇ ಫೋಟೊ ನೋಡು. ಭುಜ ಎರಡೂ ಮೇಲಕ್ಕೆದ್ದಿವೆ, ಗಲ್ಲ ಸ್ವಲ್ಪ ಮೇಲಾಗಿದೆ, ಕಣ್ಣು ಮಾತ್ರ ಕೆಳಗೆ ನೋಡುತ್ತಿದೆ. ತಲೆ ಬಗ್ಗಿಸಿದರೆ ಪೇಟ ಬೀಳುತ್ತದೆ ಅಂತ ಮಗು ಹೆದರಿದಾಗ ಹೀಗೇ ನಿಲ್ಲುತ್ತದೆ. ಪೇಟ ತೆಗೆದ ಮೇಲಿನ ಫೋಟೊದಲ್ಲಿ ಹಣೆಯ ಎರಡೂ ಬದಿ ಕೆಂಪು ಗೆರೆ ಇದೆ. ಅಂದರೆ ಮುಂದೆ ಒತ್ತುತ್ತಿದೆ, ಹಿಂದೆ ಸಡಿಲ. ಐದಾರು ವರ್ಷದ ಮಗುವಿನ ತಲೆ ಸುತ್ತಳತೆ ಹೆಚ್ಚುಕಮ್ಮಿ 20 ಇಂಚು ಇರುತ್ತದೆ, ಗಂಡಿನ ಪೇಟ 22ರ ಮೇಲೆ. ಒಳಗಿನ ರಟ್ಟು ಗಟ್ಟಿ, ತಲೆಗೆ ತಕ್ಕಂತೆ ಬಗ್ಗುವುದಿಲ್ಲ. ಹಳೇ ಬನಿಯನ್ ಬಟ್ಟೆಯನ್ನು ಪಟ್ಟಿ ಮಾಡಿ ಒಳಸುತ್ತಿಗೆ ಹೊಲಿಸು, ಹಿಂದಕ್ಕೆ ಎರಡು ಮಡಿಕೆ ಜಾಸ್ತಿ ಇರಲಿ. ಕ್ಲಿಪ್ಪು ಚುಚ್ಚಿ ನಿಲ್ಲಿಸೋಕೆ ಹೋಗಬೇಡ, ನೋವಾದರೆ ಮಗು ಮಾತು ಮರೆಯುತ್ತದೆ.

ಕೈಗಳ ವಿಷಯವೂ ಇದೆ. ಒಂದರಲ್ಲಿ ಥರ್ಮೊಕೋಲ್ ಕಟ್ಟೆ, ಇನ್ನೊಂದರಲ್ಲಿ ಕೋಲು. ಪೇಟ ಜಾರಿದರೆ ಸರಿ ಮಾಡಿಕೊಳ್ಳುವ ಕೈ ಎಲ್ಲಿದೆ? ಕೋಲು ಬಿಡಿಸು.

ಇನ್ನು ವೇದಿಕೆಯಲ್ಲಿ ದೂರಕ್ಕೆ ಕಾಣುವುದು. ಇಲ್ಲಿ 4 ಕೊಟ್ಟಿದ್ದೇನೆ. ಹತ್ತಿರದಿಂದ ತೆಗೆದ ಫೋಟೊ ಹೆಚ್ಚು ಮೋಸ ಮಾಡುವುದೇ ಈ ವಿಷಯದಲ್ಲಿ. ನಾನು ಮಾಡುವ ಪರೀಕ್ಷೆ ಸುಲಭದ್ದು. ಫೋಟೊವನ್ನು ಗ್ಯಾಲರಿಯಲ್ಲಿ ಚಿಕ್ಕ ಚೌಕವಾಗಿ ಕಾಣುವಷ್ಟಕ್ಕೇ ಬಿಟ್ಟು, ಮೊಬೈಲನ್ನು ಕೈ ಚಾಚಿ ಹಿಡಿದು ನೋಡುತ್ತೇನೆ. ಹಿಂದಿನ ಸಾಲಿನವರಿಗೆ ಕಾಣುವುದು ಹೆಚ್ಚುಕಮ್ಮಿ ಅಷ್ಟೇ. ಪುಟ್ಟನದರಲ್ಲಿ ಬಿಳಿ ಪೇಟ ಎದ್ದು ಕಂಡಿತು, ಕಪ್ಪು ಕೋಟು ಕಂದು ಬಾಗಿಲಿನ ಮುಂದೆ ಕರಗಿಹೋಯಿತು, ನೀವು ಅಷ್ಟು ಕಷ್ಟಪಟ್ಟು ಅಂಟಿಸಿದ ಬಿಳಿ ಮೀಸೆ ಕಾಣಲೇ ಇಲ್ಲ. ನಿಮ್ಮ ಶಾಲೆಯ ವೇದಿಕೆಯಲ್ಲಿ ಪರದೆ ಯಾವ ಬಣ್ಣದ್ದು ಅಂತ ಮೊದಲು ಕೇಳು. ಗಾಢ ಮೆರೂನೋ ನೀಲಿಯೋ ಇದ್ದರೆ ಕಪ್ಪು ಕೋಟಿನ ಬದಲು ಬೂದು ಬಣ್ಣದ್ದು ಹಾಕಿಸು. ಬಿಳಿ ಫ್ಲೆಕ್ಸ್ ಕಟ್ಟಿದ್ದರೆ ಕಪ್ಪೇ ಇರಲಿ, ಆಗ ಪೇಟದ ಜರಿ ಅಂಚು ಅಗಲವಾಗಿ ಕಾಣುವಂತೆ ಕೂರಿಸು. ಮೀಸೆಯ ಕೆಳಗೆ ಕಂದು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದರೆ ಬಿಳಿ ಎದ್ದು ಕಾಣುತ್ತದೆ.

ಕಟ್ಟೆಯ ಮೇಲೆ 124.80 ಅಡಿ ಅಂತ ಬರೆದಿರುವುದು ನನಗೆ ತುಂಬಾ ಇಷ್ಟವಾಯಿತು. ಕನ್ನಂಬಾಡಿ ತುಂಬಿದಾಗ ನೀರು ನಿಲ್ಲುವ ಮಟ್ಟ ಅದು, ನಮ್ಮ ಕಡೆಯವರಿಗೆ ಆ ಅಂಕಿ ಕಂಡರೆ ಕೆರೆ ಕಟ್ಟೆ ತುಂಬಿದ ಖುಷಿ. ಆದರೆ ಬೆರಳಿನ ಅಗಲದ ಅಕ್ಷರ ಎರಡನೇ ಸಾಲಿಗೂ ಓದಲು ಬರುವುದಿಲ್ಲ. 30 ಅಡಿ ದೂರಕ್ಕೆ ಅಕ್ಷರ 3 ಇಂಚಾದರೂ ಬೇಕು. ಕಲ್ಲಿನ ಸಣ್ಣ ಸಣ್ಣ ಗೆರೆಗಳನ್ನು ಬಿಟ್ಟು, ದಪ್ಪ ಕಪ್ಪು ಬಣ್ಣದಲ್ಲಿ ಐದಾರು ದೊಡ್ಡ ಗೇಟು ಬರೆದು, ಅವುಗಳ ಮೇಲೆ ಅಂಕಿ ಬರೆಯಿರಿ. ಇನ್ನೊಂದು ಮಾತು. ಕನ್ನಡಕ ಹಾಕುವುದಾದರೆ ಗಾಜು ತೆಗೆದು ಬರೀ ಫ್ರೇಮು ಹಾಕು. ಗಾಜಿಗೆ ಮೇಲಿನ ಲೈಟು ಬಡಿದರೆ ಕಣ್ಣೇ ಕಾಣುವುದಿಲ್ಲ. ಪೇಟವೂ ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟೇ ಕೂರಲಿ, ಇಲ್ಲದಿದ್ದರೆ ಅದರ ನೆರಳು ಮುಖದ ಮೇಲೆ ಬೀಳುತ್ತದೆ.

ಒಟ್ಟು 23. ಹೇಳಿದ್ದನ್ನು ತಿದ್ದಿದರೆ 33ಕ್ಕೆ ಮೋಸವಿಲ್ಲ. ಅವನು ಹೇಗೆ ನಡೆಯುತ್ತಾನೆ, ಮೆಟ್ಟಿಲು ಹೇಗೆ ಹತ್ತುತ್ತಾನೆ ಅನ್ನುವುದು ಮಾತ್ರ ಫೋಟೊದಲ್ಲಿ ಸಿಗುವುದಿಲ್ಲ, ಅದನ್ನು ನೀನೇ ಮನೆಯಲ್ಲಿ ನಡೆಸಿ ನೋಡು. ಕಾಲು ಗಂಟೆ ಪೂರ್ತಿ ವೇಷದಲ್ಲಿ ಇರಿಸು. ಸರದಿ ಬರುವವರೆಗೆ ಅಷ್ಟಾದರೂ ಕಾಯಬೇಕಾಗುತ್ತದೆ.

ಶಾಲೆಗೆ ಕಳಿಸುವ ಫೋಟೊ ಹೊಸದಾಗಿ ತೆಗಿ. ಬಯಲಿನ ನೆರಳಿನಲ್ಲಿ, ಬಣ್ಣವಿಲ್ಲದ ಗೋಡೆಯ ಮುಂದೆ, ನೀನು ಮಂಡಿಯೂರಿ ಮೊಬೈಲನ್ನು ಅವನ ಎದೆಯ ಎತ್ತರಕ್ಕೆ ಹಿಡಿದು. ಮೇಲಿನಿಂದ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ ಕಾಣುತ್ತದೆ. ಬ್ಯೂಟಿ ಮೋಡ್ ಆಫ್ ಮಾಡು, ಅದು ಮೀಸೆಯನ್ನೂ ಜರಿಯನ್ನೂ ಒರೆಸಿಹಾಕುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೊ ಮಸುಕಾಗುವುದಿಲ್ಲ. ನನಗೆ ಇನ್ನೆರಡು ಬೇಕು: ಎರಡೂ ಕೈ ಮೇಲೆತ್ತಿ ನಿಂತದ್ದು ಒಂದು, ಹಿಂದಿನಿಂದ ತೆಗೆದದ್ದು ಒಂದು. ಕಂಕುಳಲ್ಲಿ ಕೋಟು ಬಿಗಿಯುತ್ತದಾ, ಪೇಟ ಹಿಂದೆ ಎದ್ದು ನಿಂತಿದೆಯಾ ಅಂತ ಅವುಗಳಲ್ಲೇ ಗೊತ್ತಾಗುವುದು. ನಾಳೆ ಸಂಜೆಯೊಳಗೆ ಕಳಿಸಿದರೆ ರಾತ್ರಿಯೇ ನೋಡಿ ಹೇಳುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ,
ಮಂಡ್ಯದಿಂದ