ದುಡ್ಡು ಹಾಕಿದ್ದೀನಿ ಅಂದವರಿಗೆ ಹೀಗೆ ಬರೆಯಿರಿ

ನರ್ಸರಿ ಬಳಗದವರೇ, ಟೊಮೇಟೊ ಸಸಿಗೆ 1,250 ರೂಪಾಯಿ ಹಾಕಿದ್ದೀನಿ ಅಂತ ಬೆಳಿಗ್ಗೆ ಚಿಂತಾಮಣಿ ಕಡೆಯ ರೈತರೊಬ್ಬರು ಹೇಳಿದರು. ನಾವು "ಬಂದಿಲ್ಲ" ಅಂದುಬಿಟ್ಟೆವು. ಅವರಿಗೆ ತುಂಬ ಬೇಜಾರಾಯಿತು. ನೋಡಿದರೆ ದುಡ್ಡು ಮಗನ ಫೋನಿನಿಂದ, ಮಗನ ಹೆಸರಲ್ಲಿ ಬಂದಿತ್ತು. ಅಷ್ಟೇ ಮೊತ್ತ ಇನ್ನಿಬ್ಬರದ್ದೂ ಇತ್ತು.

ಇನ್ಮೇಲೆ ಇಂಥ ಕಡೆ ಹೀಗೆ ಬರೆಯಿರಿ:

"ಸರಿ ಅಣ್ಣಾ. ಇವತ್ತು ಇದೇ ಮೊತ್ತ ಮೂರು ಜನರಿಂದ ಬಂದಿದೆ. ನಿಮ್ಮದನ್ನು ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳಬೇಕು, 12 ಅಂಕಿಯ ಯುಟಿಆರ್ ನಂಬರ್ ಕಳಿಸ್ತೀರಾ? ಸಸಿ ಎತ್ತಿಟ್ಟಿರ್ತೀವಿ."

ಫೋನ್‌ಪೇ ಇದ್ದವರು ಕೆಲವು ಸಲ T ಇಂದ ಶುರುವಾಗುವ ನಂಬರ್ ಕಳಿಸ್ತಾರೆ. ಅದು ನಮ್ಮ ಬ್ಯಾಂಕ್ ಪಟ್ಟಿಯಲ್ಲಿ ಸಿಗಲ್ಲ. ಅದೇ ಪುಟದಲ್ಲಿ UTR ಅಂತ ಇರುತ್ತೆ, ಅದನ್ನು ನೋಡಲು ಹೇಳಿ. ಪಿನ್, ಒಟಿಪಿ ಮಾತ್ರ ಯಾರನ್ನೂ ಕೇಳಬೇಡಿ.