ನಾಳೆಯಿಂದ ಬ್ಯಾಚ್ ಪಿಕಿಂಗ್

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗಿನ ಶಿಫ್ಟ್‌ನಿಂದ ಸಣ್ಣ ಆರ್ಡರ್‌ಗಳನ್ನು 12ರ ಬ್ಯಾಚ್ ಮಾಡಿ ಪಿಕ್ ಮಾಡಬೇಕು. ಟ್ರಾಲಿಗೆ 12 ಡಬ್ಬಿ, ಡಬ್ಬಿಗೆ ಒಂದೇ ಆರ್ಡರ್.

ಲಿಸ್ಟ್ ತೆಗೆಯುವವರು ಗಮನಿಸಿ: ಕಪಾಟಿನ ಕೋಡ್ A-2 ಎಂದಿದ್ದರೆ ಅದು A-10ರ ನಂತರ ಬಂದು ಕೂರುತ್ತದೆ, ಏಕೆಂದರೆ ಕಂಪ್ಯೂಟರ್ ಅದನ್ನು ಅಕ್ಷರವಾಗಿಯೇ ಓದುತ್ತದೆ. ಆಗ ಪಿಕ್ ಮಾಡುವವರು ವಿನಾಕಾರಣ ಹಿಂದಕ್ಕೆ ನಡೆಯಬೇಕಾಗುತ್ತದೆ. A-02 ಎಂದೇ ಬರೆಯಿರಿ. A, C, E ಸಾಲು ಏರಿಕೆಯಲ್ಲಿ, B, D ಇಳಿಕೆಯಲ್ಲಿ ಇರಲಿ. ಆಗ ಒಂದು ಸಾಲು ಮುಗಿದ ತುದಿಯಿಂದಲೇ ಮುಂದಿನದು ಶುರು.

ಒಂದೇ ಸಾಮಾನು 3 ಡಬ್ಬಿಗೆ ಬೇಕಿದ್ದರೆ ಒಟ್ಟಿಗೆ ತೆಗೆದು, ಅಲ್ಲೇ ನಿಂತು ಹಂಚಿ. ಕೊನೆಗೆ ಹಂಚೋಣವೆಂದರೆ ಡಬ್ಬಿ ಅದಲುಬದಲಾಗುತ್ತದೆ.

A-2 ರೀತಿಯ ಹಳೆಯ ಕೋಡ್ ಇರುವ ಕಪಾಟು ಕಂಡವರು ಇಂದು ಸಂಜೆ 5ರೊಳಗೆ ಇಲ್ಲೇ ಫೋಟೊ ಹಾಕಿ.